ಅಂಚಿನ ಮುಖ ಯಾಕೆ ಹೊಂದಲಿಲ್ಲ? ಎರಡು ಫೋಟೋ, ಎರಡು ಲೆನ್ಸ್, ಒಂದು ಲೆಕ್ಕ

ವರ್ಷಾಂತ್ಯದ ಗುಂಪು ಫೋಟೋದಲ್ಲಿ ಎಲ್ಲರೂ ಕಣ್ಣು ಬಿಟ್ಟಿರುವುದು ಅಪರೂಪ. ನಮ್ಮ ಏಳನೆಯ ತರಗತಿಯ ಫೋಟೋದಲ್ಲೂ ಹಾಗೇ ಆಯಿತು. ನಿಂತ ಸಾಲಿನ ಎಡ ತುದಿಯಲ್ಲಿದ್ದ ಹುಡುಗಿ ಸರಿಯಾಗಿ ಆ ಗಳಿಗೆಗೇ ಕಣ್ಣು ಮುಚ್ಚಿದ್ದಳು. ಮರುದಿನ ನೋಡುವಾಗ ಬೇರೆ ಪ್ರತಿ ಇಲ್ಲ, ಇದ್ದದ್ದು ಅದೊಂದೇ. "ಇನ್ನೊಂದು ಫೋಟೋ ತೆಗೆದು ನನ್ನ ಮುಖ ಮಾತ್ರ ಅಂಟಿಸಿ ಮಾಷ್ಟ್ರೇ" ಎಂದು ಅವಳೇ ಕೇಳಿದಳು. ಮನೆಯವರೂ ಒಪ್ಪಿದರು. ಇನ್ನೊಬ್ಬರ ಮುಖವನ್ನು ಫೋಟೋದಲ್ಲಿ ಮುಟ್ಟುವ ಮೊದಲು ಕೇಳಲೇಬೇಕು, ಹಾಗೆ ಮಾಡಿದ್ದನ್ನು ಫೋಟೋದ ಕೆಳಗೆ ಒಂದು ಸಾಲು ಬರೆಯಲೂ ಬೇಕು. ನಾವು ಎರಡನ್ನೂ ಮಾಡಿದೆವು.

ಅದೇ ಜಗಲಿ, ಅದೇ ಹೊತ್ತು, ಅದೇ ಜಾಗದಲ್ಲಿ ಅವಳನ್ನು ನಿಲ್ಲಿಸಿ ಎರಡನೆಯ ಫೋಟೋ ತೆಗೆದೆವು. ಮೊದಲ ದಿನ ಮುಕ್ಕಾಲು ತರಗತಿಯೂ ಚೌಕಟ್ಟಿನೊಳಗೆ ಬಾರದೆ ಹಳೆಯ ಫೋನಿಗೆ ಒಂದು ವೈಡ್ ಕ್ಲಿಪ್ ಲೆನ್ಸ್ ಸಿಕ್ಕಿಸಿದ್ದೆವು. ಎರಡನೆಯ ದಿನ ಆ ಫೋನು ಇರಲಿಲ್ಲ. ಸಹೋದ್ಯೋಗಿಯೊಬ್ಬರ ಹೊಸ ಫೋನಿನ ಅಲ್ಟ್ರಾವೈಡ್ ಕ್ಯಾಮೆರಾದಲ್ಲಿ ತೆಗೆದದ್ದು. ಆಮೇಲೆ ಐಟಿ ಲ್ಯಾಬಿನಲ್ಲಿ ಗಿಂಪ್ ತೆರೆದು ಮುಖ ಕತ್ತರಿಸಿ, ಹಿಗ್ಗಿಸಿ, ಹಳೆಯ ಮುಖದ ಮೇಲೆ ಕೂರಿಸಿದೆವು. ಸುತ್ತ ನಿಂತ ಮಕ್ಕಳು ಒಂದೇ ಮಾತು ಹೇಳಿದರು: "ಇದು ಅವಳ ಹಾಗೆ ಇಲ್ಲ, ಅವಳ ಅಕ್ಕನ ಹಾಗೆ ಉಂಟು."

ಬಣ್ಣ ಹೊಂದಿತ್ತು. ಬೆಳಕು ಹೊಂದಿತ್ತು. ಹೊಂದದ್ದು ಅಗಲ ಮತ್ತು ಉದ್ದದ ಅನುಪಾತ. ಬರಿಯ ಕಣ್ಣಿನ ಅಭಿಪ್ರಾಯ ಬೇಡವೆಂದು ಅಳತೆ ಮಾಡಿದೆವು. ಹಳೆಯ ಫೋಟೋದಲ್ಲಿ ಕೆನ್ನೆಯಿಂದ ಕೆನ್ನೆಗೆ ಅವಳ ಮುಖ 100 ಪಿಕ್ಸೆಲ್ ಅಗಲ, ಕೂದಲಿನ ಅಂಚಿನಿಂದ ಗದ್ದದವರೆಗೆ 147 ಪಿಕ್ಸೆಲ್ ಉದ್ದ. ಅಗಲವನ್ನು ಉದ್ದದಿಂದ ಭಾಗಿಸಿದರೆ 0.68. ಹೊಸ ಫೋಟೋದಲ್ಲಿ 79 ಅಗಲ, 101 ಉದ್ದ. ಭಾಗಿಸಿದರೆ 0.78. ಒಂದೇ ಹುಡುಗಿ, ಒಂದೇ ಜಾಗ, ಮುಖ ಮಾತ್ರ ಬೇರೆ. ಹೊಸ ಮುಖವನ್ನು ಉದ್ದ ಹೊಂದುವಂತೆ ಹಿಗ್ಗಿಸಿದರೆ ಅಗಲ 115 ಆಗುತ್ತದೆ, 15 ಪಿಕ್ಸೆಲ್ ಹೆಚ್ಚು. ಅಗಲ ಹೊಂದಿಸಿದರೆ ಉದ್ದ 128ಕ್ಕೆ ನಿಲ್ಲುತ್ತದೆ, ಗದ್ದ ಕುತ್ತಿಗೆಗೆ ಮುಟ್ಟುವುದೇ ಇಲ್ಲ. ಹಿಗ್ಗಿಸುವುದು, ಕುಗ್ಗಿಸುವುದು ಎಂಬ ಒಂದೇ ಕೆಲಸದಿಂದ ಇದು ಸರಿಯಾಗಲಾರದು.

ತಪ್ಪು ಎಲ್ಲಿದೆ ಎಂಬುದು ಮುಖದಲ್ಲಿ ಕಾಣಲಿಲ್ಲ, ಗೋಡೆಯಲ್ಲಿ ಕಂಡಿತು. ಜಗಲಿಯ ಮೇಲಿನ ಕಾಂಕ್ರೀಟ್ ಲಿಂಟಲ್ ನೇರವಾಗಿರುವುದು ನಮಗೆಲ್ಲ ಗೊತ್ತು, ಅದರ ಕೆಳಗೇ ದಿನಾ ನಡೆಯುತ್ತೇವೆ. ಗುಂಪು ಫೋಟೋದಲ್ಲಿ ಅದು ಬಿಲ್ಲಿನಂತೆ ಬಾಗಿತ್ತು, ನಡು ಮೇಲೆ, ತುದಿಗಳು ಕೆಳಗೆ. ಕೆಳಗಿನ ಮೆಟ್ಟಿಲಿನ ಅಂಚು ಅದಕ್ಕೆ ಉಲ್ಟಾ, ನಡು ಕೆಳಗೆ ಜೋತುಬಿದ್ದಂತೆ. ಎಡ ಬಲದ ಕಂಬಗಳು ಹೊರಕ್ಕೆ ಉಬ್ಬಿದ್ದವು. ಒಟ್ಟಿನಲ್ಲಿ ಚೌಕವೊಂದು ಪೀಪಾಯಿಯ ಆಕಾರಕ್ಕೆ ಬಂದಿತ್ತು. ಇದಕ್ಕೇ ಬ್ಯಾರೆಲ್ ಡಿಸ್ಟಾರ್ಷನ್ ಎಂದು ಹೆಸರು, ಪೀಪಾಯಿ ಬಾಗು ಎಂದು ನಾವು ಕರೆಯೋಣ.

ಒಳ್ಳೆಯ ಲೆನ್ಸ್ ಚಿತ್ರದ ನಡುವನ್ನೂ ಅಂಚನ್ನೂ ಒಂದೇ ಪ್ರಮಾಣದಲ್ಲಿ ಹಿಗ್ಗಿಸಬೇಕು. ಕ್ಲಿಪ್ ಲೆನ್ಸಿನ ಮುಂದಿನ ಗಾಜು ನಿಮ್ನ ಮಸೂರ. ಓರೆಯಾಗಿ ಬರುವ ಕಿರಣಗಳು ಅದರ ಅಂಚಿನ ಭಾಗದಲ್ಲಿ ಹಾಯ್ದು, ನಡುವಿನ ಕಿರಣಗಳಿಗಿಂತ ಹೆಚ್ಚು ಬಾಗುತ್ತವೆ. ಹಾಗಾಗಿ ನಡುವಿನಿಂದ ದೂರ ಹೋದಂತೆ ಹಿಗ್ಗುವಿಕೆ ಕಡಿಮೆಯಾಗುತ್ತದೆ. ಬರಿಯ ಕಡಿಮೆಯಾಗುವುದಲ್ಲ, ಎರಡು ದಿಕ್ಕಿನಲ್ಲಿ ಬೇರೆ ಬೇರೆಯಾಗಿ ಕಡಿಮೆಯಾಗುತ್ತದೆ. ಕೇಂದ್ರದಿಂದ ಹೊರಕ್ಕೆ ಹೋಗುವ ದಿಕ್ಕಿನಲ್ಲಿ, ಅಂದರೆ ಸೈಕಲ್ ಚಕ್ರದ ಕಡ್ಡಿಯ ದಿಕ್ಕಿನಲ್ಲಿ, ಹಿಸುಕುವುದು ಜಾಸ್ತಿ. ಚಕ್ರದ ಟಯರಿನ ದಿಕ್ಕಿನಲ್ಲಿ ಕಡಿಮೆ. ನಮ್ಮ ಹುಡುಗಿ ನಿಂತದ್ದು ಚಿತ್ರದ ನಡುಮಟ್ಟದ ಎಡ ತುದಿಯಲ್ಲಿ. ಅಲ್ಲಿ ಕಡ್ಡಿಯ ದಿಕ್ಕೆಂದರೆ ಅಡ್ಡ, ಟಯರಿನ ದಿಕ್ಕೆಂದರೆ ಲಂಬ. ಆದ್ದರಿಂದ ಅಗಲ ಹಿಸುಕಿ ಹೋಯಿತು, ಉದ್ದ ಹೆಚ್ಚುಕಡಿಮೆ ಉಳಿಯಿತು.

ಎಷ್ಟು ಹಿಸುಕಿದೆ ಎಂದು ತಿಳಿಯಲು ಲೆನ್ಸನ್ನು ಬಿಚ್ಚಬೇಕಾಗಿಲ್ಲ, ಬಾಗಿದ ಲಿಂಟಲ್ ಸಾಕು. ಲೆಕ್ಕಕ್ಕೆ ಒಂದು ಸರಳ ಸೂತ್ರ ಇಟ್ಟುಕೊಳ್ಳೋಣ:

```
R = r × (1 + b − b × r²)
```

ಇಲ್ಲಿ r ಎಂದರೆ ಸರಿಯಾದ ಚಿತ್ರದಲ್ಲಿ ಒಂದು ಬಿಂದು ಕೇಂದ್ರದಿಂದ ಇರಬೇಕಾದ ದೂರ, R ಎಂದರೆ ನಮ್ಮ ಬಾಗಿದ ಫೋಟೋದಲ್ಲಿ ಅದು ಇರುವ ದೂರ. ಎರಡನ್ನೂ ಅಳೆಯುವ ಮಾನ ಚಿತ್ರದ ಗಿಡ್ಡ ಬದಿಯ ಅರ್ಧ. ನಮ್ಮ ಎರಡೂ ಫೋಟೋಗಳು 4000 ಅಗಲ, 3000 ಎತ್ತರ ಪಿಕ್ಸೆಲಿನವು, ಹಾಗಾಗಿ 1500 ಪಿಕ್ಸೆಲ್ ಅಂದರೆ 1. b ಎಂಬ ಒಂದು ಸಂಖ್ಯೆ ಆ ಲೆನ್ಸಿನ ಬಾಗನ್ನು ಹೇಳುತ್ತದೆ. b ಸೊನ್ನೆಯಾದರೆ R ಮತ್ತು r ಒಂದೇ, ಬಾಗು ಇಲ್ಲ.

ಈಗ ಕೇಂದ್ರದಿಂದ h ಎತ್ತರದಲ್ಲಿ ಒಂದು ಅಡ್ಡ ನೇರಗೆರೆ ಇದೆ ಎನ್ನಿ. ಅದರ ನಡು ಕೇಂದ್ರದ ನೇರ ಮೇಲೆ, ತುದಿ ಪಕ್ಕಕ್ಕೆ x ದೂರ. ನಡುವಿಗೆ r² ಅಂದರೆ h². ತುದಿಗೆ ಪೈಥಾಗೊರಸ್ ಪ್ರಕಾರ h² + x². ಎರಡನ್ನೂ ಸೂತ್ರದಲ್ಲಿ ಹಾಕಿ ಎತ್ತರಗಳನ್ನು ಕಳೆದು ನೋಡಿ, ಬಹುಪಾಲು ಪದಗಳು ಹೊಡೆದು ಹೋಗಿ ತುದಿ ಕೆಳಗೆ ಬಿದ್ದ ಪ್ರಮಾಣ ಇಷ್ಟೇ ಉಳಿಯುತ್ತದೆ:

```
ಬಾಗು = b × h × x²
```

ಹತ್ತನೆಯ ತರಗತಿಯವರು ಇದನ್ನು ಕಾಗದದ ಮೇಲೆ ಬಿಡಿಸಿ ನೋಡಬಹುದು, ಮೂರೇ ಸಾಲು.

ಗಿಂಪಿನಲ್ಲಿ ಚಿತ್ರದ ಮೇಲೆ ಮೌಸ್ ಓಡಿಸಿದರೆ ಕೆಳಗಿನ ಪಟ್ಟಿಯಲ್ಲಿ ಆ ಜಾಗದ ಎರಡು ಸಂಖ್ಯೆ ಕಾಣುತ್ತದೆ. ಅದರ ಎಣಿಕೆ ಎಡ ಮೇಲಿನ ಮೂಲೆಯಿಂದ, ಕೇಂದ್ರ 2000, 1500ರಲ್ಲಿ. ಲಿಂಟಲಿನ ನಡು 2000, 278. ಎಡ ತುದಿ 297, 365. ಬಲ ತುದಿ 3703, 365. ಅಂದರೆ ನಡು ಕೇಂದ್ರದಿಂದ 1222 ಪಿಕ್ಸೆಲ್ ಮೇಲೆ, ತುದಿ 1703 ಪಿಕ್ಸೆಲ್ ಪಕ್ಕಕ್ಕೆ, ಬಾಗು 87. ಎಲ್ಲವನ್ನೂ 1500ರಿಂದ ಭಾಗಿಸಿದರೆ h 0.815, x 1.135, ಬಾಗು 0.058. b ಬೇಕಾದರೆ 0.058 ಅನ್ನು 0.815 ಹಾಗೂ 1.135ರ ವರ್ಗದಿಂದ ಭಾಗಿಸಿ: ಸುಮಾರು 0.055.

ಇಲ್ಲೊಂದು ಸಣ್ಣ ಮೋಸ ಇದೆ. ಸೂತ್ರದ h ಮತ್ತು x ಸರಿಯಾದ ಚಿತ್ರದವು, ನಾವು ಹಾಕಿದ್ದು ಬಾಗಿದ ಚಿತ್ರದವು. ಆದ್ದರಿಂದ 0.055 ಎಂಬುದು ಮೊದಲ ಅಂದಾಜು ಮಾತ್ರ. ಅದನ್ನೇ ಹಾಕಿ ಚಿತ್ರ ಸರಿಮಾಡಿ ನೋಡಿದೆವು. ಲಿಂಟಲಿನ ತುದಿಗಳು ಈಗ ಎಂಟು ಹತ್ತು ಪಿಕ್ಸೆಲ್ ಮೇಲಕ್ಕೆ ಎದ್ದವು, ನಡು ಒಳಕ್ಕೆ ಕುಗ್ಗಿತು. ಜಾಸ್ತಿ ತಿದ್ದಿದ ಗುರುತು ಅದು. ಆಗ b ಅನ್ನು 0.05ಕ್ಕೆ ಇಳಿಸಿದೆವು. ಮೇಲಿನ ಅಳತೆಪಟ್ಟಿಯಿಂದ ಒಂದು ಗೈಡ್ ಗೆರೆ ಎಳೆದು ತಂದು ಲಿಂಟಲಿನ ಮೇಲಿಟ್ಟರೆ ಈ ತುದಿಯಿಂದ ಆ ತುದಿಗೆ ಕೂಡಿಕೊಂಡಿತು. ಅಳೆದು ಅಂದಾಜು ಮಾಡುವುದು, ಹಾಕಿ ನೋಡುವುದು, ಒಂದು ಸಲ ತಿದ್ದುವುದು, ಇಷ್ಟರಲ್ಲಿ ಕೆಲಸ ಮುಗಿಯುತ್ತದೆ.

ಗೆರೆಯ ಆಯ್ಕೆಯಲ್ಲಿ ಜಾಗ್ರತೆ ಬೇಕು. ಹಂಚಿನ ಮಾಡಿನ ಅಂಚು ಮಳೆಗಾಲ ಕಳೆದ ಮೇಲೆ ತಾನೇ ಜೋಲುತ್ತದೆ. ಅಡಕೆ ಮರ ನೋಡಲು ನೇರ, ಫೋಟೋದಲ್ಲಿ ಅಳೆದರೆ ಗೊತ್ತಾಗುತ್ತದೆ ಅದರ ಡೊಂಕು. ಕಾಂಕ್ರೀಟ್ ಅಂಚು, ಕರಿಹಲಗೆಯ ಚೌಕಟ್ಟು, ಕಿಟಿಕಿಯ ಕಬ್ಬಿಣದ ಸರಳು ಒಳ್ಳೆಯವು. ಗೆರೆ ಕೇಂದ್ರದಿಂದ ದೂರ ಇರಬೇಕು. ಕೇಂದ್ರದ ಮೂಲಕವೇ ಹಾಯುವ ಗೆರೆಗೆ h ಸೊನ್ನೆ, ಲೆನ್ಸ್ ಎಷ್ಟು ಕೆಟ್ಟದ್ದಾದರೂ ಅದು ನೇರವಾಗಿಯೇ ಕಾಣುತ್ತದೆ. "ನಮ್ಮ ಫೋಟೋದಲ್ಲಿ ಬಾಗೇ ಇಲ್ಲ" ಎಂದು ಹೇಳುವವರಲ್ಲಿ ಅರ್ಧ ಜನ ನೋಡಿದ್ದು ಇಂಥ ಗೆರೆಯನ್ನು.

ಎರಡನೆಯ ಫೋಟೋಗೂ ಇದೇ ಪರೀಕ್ಷೆ ಮಾಡಿದೆವು. ಅಲ್ಟ್ರಾವೈಡ್ ಕ್ಯಾಮೆರಾದಲ್ಲಿ ನೋಟ ಇನ್ನೂ ಅಗಲ, ಹಾಗಾಗಿ ಅದೇ ಲಿಂಟಲ್ ಚಿಕ್ಕದಾಗಿ, ಕೇಂದ್ರಕ್ಕೆ ಹತ್ತಿರವಾಗಿ ಬಂದಿತ್ತು. ನಡು 811 ಪಿಕ್ಸೆಲ್ ಮೇಲೆ, ತುದಿಗಳು 801, ಪಕ್ಕಕ್ಕೆ 1202. ಬಾಗು ಹತ್ತೇ ಪಿಕ್ಸೆಲ್. ಲೆಕ್ಕ ಹಾಕಿದರೆ b ಸುಮಾರು 0.02. ಕಣ್ಣಿಗೆ ಕಾಣದಷ್ಟು ಕಡಿಮೆ, ಆದರೆ ಸೊನ್ನೆ ಅಲ್ಲ. ಈಚಿನ ಫೋನುಗಳು ಫೋಟೋ ಉಳಿಸುವ ಮೊದಲೇ ಬಾಗನ್ನು ತಾವೇ ಬಹುಮಟ್ಟಿಗೆ ತಿದ್ದಿರುತ್ತವೆ. ಅಂಥ ಚಿತ್ರವನ್ನು ಅಳೆಯದೆ ಇನ್ನೊಮ್ಮೆ ತಿದ್ದಿದರೆ ನೇರವಾದದ್ದು ಡೊಂಕಾಗುತ್ತದೆ. ಕೆಲವು ಫೋನುಗಳು ಇನ್ನೂ ಮುಂದೆ ಹೋಗಿ, ಗೋಡೆಯನ್ನು ಬಿಟ್ಟು ಅಂಚಿನ ಮುಖಗಳನ್ನು ಮಾತ್ರ ಬೇರೆಯಾಗಿ ತಿದ್ದುತ್ತವೆ. ಆಗ ಗೆರೆ ನೋಡಿ ಮುಖದ ಲೆಕ್ಕ ಹೇಳಲಾಗದು. ಸೆಟ್ಟಿಂಗ್‌ನಲ್ಲಿ ಅಂಥದ್ದು ಇದ್ದರೆ ಫೋಟೋ ತೆಗೆಯುವ ಮೊದಲೇ ಆರಿಸಿಬಿಡಿ.

ಈಗ ತಿದ್ದುವ ಕೆಲಸ. ನಮ್ಮ ಲ್ಯಾಬಿನ ಲಿನಕ್ಸ್ ಕಂಪ್ಯೂಟರಿನಲ್ಲಿ ಇಮೇಜ್‌ಮ್ಯಾಜಿಕ್ ಎಂಬ ಉಚಿತ ತಂತ್ರಾಂಶ ಹಾಕಿಕೊಂಡರೆ ಫೋಟೋಗೊಂದು ಸಾಲು ಸಾಕು:

```
magick gumpu.jpg -distort Barrel "0 -0.05 0" gumpu2.png
magick mukha.jpg -distort Barrel "0 -0.02 0" mukha2.png
```

ಹಳೆಯ ಆವೃತ್ತಿಯಾದರೆ `magick` ಬದಲು `convert` ಎಂದು ಬರೆಯಬೇಕು. ಉದ್ಧರಣದೊಳಗಿನ ನಡುವಿನ ಸಂಖ್ಯೆಯೇ ನಮ್ಮ b, ಋಣ ಚಿಹ್ನೆಯೊಡನೆ. ಸೂತ್ರದಲ್ಲಿ ನಾವು ಕೂಡಿಸಿದ 1 + b ಅನ್ನು ಅದು ತಾನೇ ಸೇರಿಸಿಕೊಳ್ಳುತ್ತದೆ. ಸಂಖ್ಯೆ ಬೇಡ, ಕಣ್ಣಿನ ಅಂದಾಜು ಸಾಕು ಎನ್ನುವವರಿಗೆ ಗಿಂಪಿನಲ್ಲೇ Filters > Distorts > Lens Distortion ಇದೆ. ಅದರ Main ಎಂಬುದನ್ನು ಋಣ ಸಂಖ್ಯೆಯ ಕಡೆಗೆ ಸರಿಸುತ್ತ ಲಿಂಟಲನ್ನು ನೋಡಬೇಕು. ಬಾಗು ಹೆಚ್ಚಾದರೆ ತಪ್ಪು ಕಡೆಗೆ ಸರಿಸಿದ್ದೀರಿ.

ತಿದ್ದಿದ ಚಿತ್ರಗಳಲ್ಲಿ ಮುಖ ಏನಾಯಿತು? ಯಂತ್ರವನ್ನು ನಂಬುವ ಮೊದಲು ಕೈಯಲ್ಲೇ ಲೆಕ್ಕ ಹಾಕಿ ನೋಡಿದೆವು. ಗುಂಪು ಫೋಟೋದ ತಿದ್ದಿದ ಪ್ರತಿಯಲ್ಲಿ ಅವಳ ಮುಖದ ಒಳ ಅಂಚು ಕೇಂದ್ರದಿಂದ 1740 ಪಿಕ್ಸೆಲ್, ಹೊರ ಅಂಚು 1860. ಅಗಲ 120. ಇವನ್ನು 1500ರಿಂದ ಭಾಗಿಸಿದರೆ r 1.16 ಮತ್ತು 1.24. ಸೂತ್ರದಲ್ಲಿ ಹಾಕಿ: 1.16ಕ್ಕೆ R 1.140, 1.24ಕ್ಕೆ 1.207. ಪಿಕ್ಸೆಲಿಗೆ ತಂದರೆ 1710 ಮತ್ತು 1810. ವ್ಯತ್ಯಾಸ 100. ಹಳೆಯ ಫೋಟೋದಲ್ಲಿ ನಾವು ಅಳೆದ ಅದೇ 100! 120 ಇರಬೇಕಾದ ಅಗಲವನ್ನು ಲೆನ್ಸ್ 100ಕ್ಕೆ ಹಿಸುಕಿತ್ತು. ಉದ್ದದ ಕಡೆ 150 ಇದ್ದದ್ದು 147 ಆಗಿತ್ತು, ಅಷ್ಟೆ. ಹೊಸ ಫೋಟೋದ ತಿದ್ದಿದ ಪ್ರತಿಯಲ್ಲಿ ಮುಖದ ಅಗಲ 80, ಉದ್ದ 100.

ಈಗ ಎರಡರ ಅನುಪಾತ ನೋಡಿ. 120 ಭಾಗಿಸು 150, 0.8. 80 ಭಾಗಿಸು 100, ಅದೂ 0.8. ಹೊಸ ಮುಖವನ್ನು ಒಂದೂವರೆ ಪಟ್ಟು ಹಿಗ್ಗಿಸಿದರೆ ಅಗಲವೂ ಕೂಡುತ್ತದೆ, ಉದ್ದವೂ ಕೂಡುತ್ತದೆ.

ಇನ್ನೊಂದು ತಾಳೆ ನೋಡುವ ದಾರಿಯೂ ಇದೆ, ನನಗೆ ಇದು ಹೆಚ್ಚು ಇಷ್ಟ. ಕೇಂದ್ರದಿಂದ ಮುಖದ ನಡುವಿಗೆ ದೂರ ಮೊದಲ ಚಿತ್ರದಲ್ಲಿ 1800, ಎರಡನೆಯದರಲ್ಲಿ 1200. ಇದೂ ಒಂದೂವರೆ ಪಟ್ಟು. ಲಿಂಟಲಿನ ಎತ್ತರ 1200 ಮತ್ತು 800. ಮತ್ತೆ ಒಂದೂವರೆ. ಬಾಗು ಸಂಪೂರ್ಣ ಹೋಗಿ, ಕ್ಯಾಮೆರಾ ಅದೇ ಜಾಗದಲ್ಲಿ ಅದೇ ದಿಕ್ಕಿಗೆ ಇದ್ದಿದ್ದರೆ, ಲೆನ್ಸ್ ಯಾವುದೇ ಇರಲಿ, ಎರಡು ಚಿತ್ರಗಳ ನಡುವೆ ಉಳಿಯುವ ವ್ಯತ್ಯಾಸ ಒಂದೇ ಒಂದು ಸಂಖ್ಯೆ. ಮುಖದಿಂದ ಒಂದು ಸಂಖ್ಯೆ, ಗೋಡೆಯಿಂದ ಇನ್ನೊಂದು ಬಂದರೆ ಎಲ್ಲೋ ತಪ್ಪಿದೆ ಎಂದು ಅಂಟಿಸುವ ಮೊದಲೇ ತಿಳಿಯುತ್ತದೆ.

"ಇಷ್ಟೆಲ್ಲ ಯಾಕೆ ಮಾಷ್ಟ್ರೇ, ಅಂಟಿಸುವ ಮುಖವನ್ನೇ ಅಡ್ಡಕ್ಕೆ ಸ್ವಲ್ಪ ಒತ್ತಿಬಿಟ್ಟರೆ ಆಗಲಿಕ್ಕಿಲ್ವಾ?" ಎಂದು ಒಬ್ಬ ಕೇಳಿದ. ಪ್ರಶ್ನೆ ಸರಿಯೇ. ಈ ಹುಡುಗಿಯ ಮಟ್ಟಿಗೆ ಅದು ಹೆಚ್ಚುಕಡಿಮೆ ನಡೆಯುತ್ತಿತ್ತು, ಯಾಕೆಂದರೆ ಅವಳ ಮುಖ ಚಿತ್ರದ ನಡುಮಟ್ಟದಲ್ಲೇ ಇತ್ತು, ಕಡ್ಡಿಯ ದಿಕ್ಕು ಅಡ್ಡವಾಗಿಯೇ ಇತ್ತು. ಅದೇ ಹಿಂದಿನ ಬೆಂಚಿನ ಮೇಲೆ, ಮೂಲೆಗೆ ಹತ್ತಿರ ನಿಂತವನಾದರೆ ಕಡ್ಡಿಯ ದಿಕ್ಕು ಓರೆ. ಅವನ ಮುಖ ಓರೆಯಾಗಿ ಹಿಸುಕುತ್ತದೆ, ಒಂದು ಕಣ್ಣು ಇನ್ನೊಂದಕ್ಕಿಂತ ಮೇಲೆ ಹೋಗುತ್ತದೆ, ದವಡೆ ಒಂದು ಕಡೆ ವಾಲುತ್ತದೆ. ಅಡ್ಡ ಒತ್ತಿದರೂ ಉದ್ದ ಎಳೆದರೂ ಅದು ಬಗೆಹರಿಯುವುದಿಲ್ಲ. ಇಡೀ ಚಿತ್ರವನ್ನು ಕೇಂದ್ರ ಹಿಡಿದು ತಿದ್ದಿದರೆ ಎಲ್ಲ ಜಾಗದಲ್ಲೂ ತಾನಾಗಿ ಸರಿಹೋಗುತ್ತದೆ.

ಆ ಕೇಂದ್ರದ ಮಾತೇ ಮುಖ್ಯ. ಫೋಟೋದ ಅಂಚು ಕತ್ತರಿಸಿದ ಮೇಲೆ ತಿದ್ದಲು ಹೋದರೆ ತಂತ್ರಾಂಶ ಕತ್ತರಿಸಿದ ತುಂಡಿನ ನಡುವನ್ನೇ ಲೆನ್ಸಿನ ನಡು ಎಂದು ತಿಳಿಯುತ್ತದೆ. ಮುಖದ ಸುತ್ತ ಮಾತ್ರ ಕತ್ತರಿಸಿ ತಿದ್ದಿದರಂತೂ ಮುಖದ ಹಿಸುಕು ಸರಿಯಾಗುವುದಿಲ್ಲ, ಮುಖವೇ ನಡುವಿನಲ್ಲಿರುತ್ತದೆ. ಅಂಟಿಸಿದ ಮೇಲೆ ಒಟ್ಟು ಚಿತ್ರವನ್ನು ತಿದ್ದಿದರೂ ತಪ್ಪು, ಯಾಕೆಂದರೆ 0.02 ಬಾಗಿನ ಮುಖಕ್ಕೆ 0.05ರ ಮದ್ದು ಬೀಳುತ್ತದೆ. ಆದ್ದರಿಂದ ಮೊದಲು ಎರಡೂ ಫೋಟೋಗಳನ್ನು ಕತ್ತರಿಸದ ಮೂಲರೂಪದಲ್ಲೇ, ಅವುಗಳದ್ದೇ ಸಂಖ್ಯೆಯಿಂದ ತಿದ್ದಬೇಕು. ಕತ್ತರಿ ಆಮೇಲೆ. ನಮಗೆ ಮೊದಲ ಸಲ ಸಿಕ್ಕಿದ್ದು ಯಾರೋ ಸ್ಟೇಟಸ್‌ಗೆ ಹಾಕಲು ಕತ್ತರಿಸಿದ ಪ್ರತಿ. ಅದರಲ್ಲಿ ಲಿಂಟಲಿನ ಒಂದು ತುದಿ ಹೆಚ್ಚು ಬಾಗಿ ಇನ್ನೊಂದು ಕಡಿಮೆ ಬಾಗಿದ್ದು ಕಂಡು ಸಂಶಯ ಬಂತು, ಮೂಲವನ್ನು ತರಿಸಿದೆವು. ಎಡ ಬಲ ತುದಿಗಳ ಬಾಗು ಸಮ ಇಲ್ಲದಿದ್ದರೆ ಕೇಂದ್ರ ಸರಿದಿದೆ ಎಂದೇ ತಿಳಿಯಿರಿ. ಕ್ಲಿಪ್ ಲೆನ್ಸ್ ಫೋನಿನ ಮೇಲೆ ಸೊಟ್ಟಗೆ ಕೂತಿದ್ದರೂ ಹೀಗೆ ಆಗುತ್ತದೆ.

ಇನ್ನು, ತಿದ್ದಿದ ಚಿತ್ರ ನೋಡಿದ ಕೂಡಲೇ ಮಕ್ಕಳಿಂದ ಒಂದು ದೂರು ಬಂತು: "ಗೋಡೆ ನೇರ ಆಯ್ತು, ಆದರೆ ತುದಿಯಲ್ಲಿ ನಿಂತವರೆಲ್ಲ ದಪ್ಪ ಆಗಿದ್ದಾರೆ." ಅವರ ಕಣ್ಣು ಸುಳ್ಳು ಹೇಳಲಿಲ್ಲ. ಇದು ಬಾಗು ಅಲ್ಲ, ಬೇರೆಯೇ ಒಂದು ಸಂಗತಿ. ನೇರಗೆರೆಗಳನ್ನು ನೇರವಾಗಿಯೇ ಇಡುವ ಚಿತ್ರದಲ್ಲಿ ಅಂಚಿನಲ್ಲಿರುವ ದುಂಡು ವಸ್ತುಗಳು ಹೊರಕ್ಕೆ ಎಳೆದಂತೆ ಕಾಣಲೇಬೇಕು. ಗೋಡೆಯ ಮೇಲೆ ಟಾರ್ಚ್ ಬೆಳಕನ್ನು ನೇರ ಬಿಟ್ಟರೆ ದುಂಡು, ಓರೆ ಬಿಟ್ಟರೆ ಮೊಟ್ಟೆಯಾಕಾರ ಬೀಳುತ್ತದಲ್ಲ, ಅದೇ ರೀತಿ. ಎಷ್ಟು ಎಳೆಯುತ್ತದೆ ಎಂಬುದಕ್ಕೆ ಟೇಪು ಸಾಕು. ಕ್ಯಾಮೆರಾದಿಂದ ಸಾಲಿಗೆ ನೇರ ದೂರ 3 ಮೀಟರ್, ಸಾಲಿನ ನಡುವಿನಿಂದ ಹುಡುಗಿಗೆ 2 ಮೀಟರ್. ಕ್ಯಾಮೆರಾದಿಂದ ಅವಳಿಗೆ ಓರೆ ದೂರ ಪೈಥಾಗೊರಸ್ ಪ್ರಕಾರ ಸುಮಾರು 3.6 ಮೀಟರ್. 3.6 ಭಾಗಿಸು 3, ಅಂದರೆ 1.2. ಅಲ್ಲಿ ಒಂದು ವಾಲಿಬಾಲ್ ಇಟ್ಟು ತೆಗೆದು, ಬಾಗು ತಿದ್ದಿದರೆ, ಅದರ ಅಗಲ ಎತ್ತರದ 1.2 ಪಟ್ಟು ಬರುತ್ತದೆ. ನೀವೂ ಮಾಡಿ ನೋಡಬಹುದು. ಕ್ಲಿಪ್ ಲೆನ್ಸಿನ ಪೀಪಾಯಿ ಬಾಗು ಈ ಎಳೆತವನ್ನು ಬಹುಪಾಲು ಮುಚ್ಚಿಹಾಕಿತ್ತು. ಒಂದು ತಪ್ಪು ಇನ್ನೊಂದನ್ನು ಅಡಗಿಸಿತ್ತು.

ಹಾಗಾದರೆ ತಿದ್ದಿದ್ದು ವ್ಯರ್ಥವೇ? ಅಲ್ಲ. ಎರಡನೆಯ ಫೋಟೋದಲ್ಲೂ ಅವಳು ಅದೇ ಜಾಗದಲ್ಲಿದ್ದಳು, ಕ್ಯಾಮೆರಾವೂ ಅದೇ ದಿಕ್ಕಿಗೆ ನೋಡುತ್ತಿತ್ತು, ಆದ್ದರಿಂದ ಎರಡರಲ್ಲೂ ಎಳೆತ ಅದೇ 1.2. ಮುಖ, ಹೆಗಲು, ಪಕ್ಕದವಳ ತಲೆ ಎಲ್ಲವೂ ಒಂದೇ ರೀತಿ ಎಳೆದಿವೆ, ಪರಸ್ಪರ ಹೊಂದುತ್ತವೆ. ಸಹೋದ್ಯೋಗಿ ಮೊದಲು ಫೋನನ್ನು ಅವಳ ಕಡೆಗೇ ತಿರುಗಿಸಿ, ಅವಳನ್ನು ನಡುವಿನಲ್ಲಿಟ್ಟು ಒಂದು ಫೋಟೋ ತೆಗೆದಿದ್ದರು. ಯಾರಾದರೂ ಹಾಗೇ ತೆಗೆಯುತ್ತಾರೆ, ಅದೇ ಸಹಜ. ಆ ಚಿತ್ರವನ್ನು ಬಾಗು ತಿದ್ದಿ ಅಳೆದರೆ ಅನುಪಾತ 0.67, ಅಂದರೆ 0.8 ಅನ್ನು 1.2ರಿಂದ ಭಾಗಿಸಿದ್ದು. ನೋಡಲು ಚೆಂದದ ಮುಖ, ಆದರೆ ಎಳೆದ ಹೆಗಲ ಮೇಲೆ ಎಳೆಯದ ತಲೆ ಕೂರುವುದಿಲ್ಲ. ಲೆನ್ಸ್ ತಿದ್ದುಪಡಿಗೂ ಇದಕ್ಕೂ ಸಂಬಂಧವಿಲ್ಲ, ದಿಕ್ಕೇ ಬೇರೆ. ಆದ್ದರಿಂದ ಎರಡನೆಯ ಫೋಟೋ ತೆಗೆಯುವಾಗ ಕ್ಯಾಮೆರಾ ಹಳೆಯ ಚಿತ್ರದ ಕೇಂದ್ರವನ್ನೇ ನೋಡಬೇಕು. ನಮ್ಮದರಲ್ಲಿ ಅದು ಗೋಡೆಯ ಮೇಲಿನ ಒಂದು ಸ್ವಿಚ್ ಪೆಟ್ಟಿಗೆ, ಗುರುತಿಗೆ ಒಳ್ಳೆಯದಾಯಿತು.

ದೂರವೂ ಹಾಗೆಯೇ. ಒಂದು ಮೀಟರ್ ಹತ್ತಿರದಿಂದ ತೆಗೆದ ಮುಖದಲ್ಲಿ ಮೂಗು ದೊಡ್ಡದಾಗಿ, ಕಿವಿ ಹಿಂದೆ ಸರಿದು ಕಾಣುತ್ತದೆ. ಮೂಗು ಕಿವಿಗಿಂತ ಹತ್ತು ಸೆಂಟಿಮೀಟರಿನಷ್ಟು ಮುಂದೆ ಇದೆ ಎನ್ನಿ. ಒಂದು ಮೀಟರಿನಲ್ಲಿ ಅದು ಹತ್ತನೇ ಒಂದು ಪಾಲು, 3.6 ಮೀಟರಿನಲ್ಲಿ ಮೂವತ್ತಾರನೇ ಒಂದು. ಯಾವ b ಹಾಕಿದರೂ ಆ ಮೂಗು ಚಿಕ್ಕದಾಗದು. ಗೋಡೆ ನೇರವಿದ್ದೂ ಮೂಗು ದೊಡ್ಡದಿದ್ದರೆ ಅದು ದೂರದ ತೊಂದರೆ, ಇನ್ನೊಂದು ಫೋಟೋ ತೆಗೆಯುವುದೇ ಮದ್ದು.

ಕೊನೆಗೆ ಜೋಡಣೆ. ತಿದ್ದಿದ ಎರಡು ಚಿತ್ರಗಳನ್ನು ಗಿಂಪಿನಲ್ಲಿ ಎರಡು ಪದರವಾಗಿ ಇಟ್ಟು, ಹೊಸದನ್ನು ಇಡಿಯಾಗಿ ಒಂದೂವರೆ ಪಟ್ಟು ಹಿಗ್ಗಿಸಿ, ಕೇಂದ್ರಕ್ಕೆ ಕೇಂದ್ರ ಕೂಡಿಸಿದೆವು. ಮೇಲಿನ ಪದರದ ಪಾರದರ್ಶಕತೆ ಅರ್ಧ ಮಾಡಿದಾಗ ಲಿಂಟಲ್ ಲಿಂಟಲಿನ ಮೇಲೆ, ಕಂಬ ಕಂಬದ ಮೇಲೆ ಬಿತ್ತು. ಮುಖವನ್ನು ಬೇರೆಯಾಗಿ ಎಳೆದು ಕೂರಿಸಬೇಕಾಗಿಯೇ ಬರಲಿಲ್ಲ, ಅದು ತನ್ನ ಜಾಗದಲ್ಲೇ ಇತ್ತು. ಎರಡು ದಿನಗಳ ನಡುವೆ ಅವಳು ನಿಂತ ರೀತಿ ಸ್ವಲ್ಪ ಬೇರೆ, ಹಾಗಾಗಿ ನಾಲ್ಕು ಪಿಕ್ಸೆಲ್ ಬಲಕ್ಕೆ ಸರಿಸಿದೆವು. ಆಮೇಲೆ ಮೇಲಿನ ಪದರಕ್ಕೆ ಮಾಸ್ಕ್ ಹಾಕಿ ಮುಖದಷ್ಟನ್ನೇ ಉಳಿಸಿ, ಅಂಚನ್ನು ಮೆತ್ತಗೆ ಬಳಿದೆವು.

ಹಿಗ್ಗಿಸಿದ ಮುಖ ಪಕ್ಕದವರಿಗಿಂತ ಸ್ವಲ್ಪ ಮಸುಕು. 80 ಪಿಕ್ಸೆಲಿನ ಮುಖದಲ್ಲಿ 120 ಪಿಕ್ಸೆಲಿನ ವಿವರ ಹುಟ್ಟುವುದಿಲ್ಲ. ಪೋಸ್ಟ್‌ಕಾರ್ಡ್ ಗಾತ್ರದ ಪ್ರಿಂಟಿನಲ್ಲಿ ಅದು ತಿಳಿಯಲಿಲ್ಲ, ದೊಡ್ಡ ಪ್ರಿಂಟು ಬೇಕಾಗಿದ್ದರೆ ಕ್ಲಿಪ್ ಲೆನ್ಸಿನಲ್ಲೇ ಮತ್ತೆ ತೆಗೆಯಬೇಕಿತ್ತು. ಅಂಚಿನವರು ದಪ್ಪ ಎಂಬ ದೂರಿಗೆ, ಜೋಡಣೆ ಮುಗಿದ ಒಟ್ಟು ಚಿತ್ರಕ್ಕೆ ಕೊಂಚ ಪೀಪಾಯಿ ಬಾಗನ್ನು ವಾಪಸು ಕೊಟ್ಟೆವು, ಅದೇ ಆದೇಶದಲ್ಲಿ `"0 0.02 0"` ಎಂದು ಧನ ಸಂಖ್ಯೆ ಹಾಕಿ. ಲಿಂಟಲ್ ಅಷ್ಟಿಷ್ಟು ಬಾಗಿತು. ಹಾಗೆಂದು ಲಿಂಟಲಿನ ಬಗ್ಗೆ ಯಾರೂ ದೂರು ಹೇಳಲಿಲ್ಲ.